ನೆರಳಿನಿಂದ ಮರದ ಎತ್ತರ: ಹೊತ್ತೇರಿದಂತೆ ಉತ್ತರ ಏಕೆ ಬದಲಾಗುತ್ತದೆ?

ಪ್ರಶ್ನೆ: ಮನೆ ಪಕ್ಕದ ದೊಡ್ಡ ಮರದ ಎತ್ತರ ತಿಳಿಯಬೇಕಿತ್ತು. 1 ಮೀಟರಿನ ಕೋಲು ನೆಟ್ಟು ನೆರಳು ಅಳೆದೆ. ಬೆಳಗ್ಗೆ ಕೋಲಿನ ನೆರಳು 1.43 ಮೀಟರ್, ಬುಡದಿಂದ ಮರದ ನೆರಳು 26.3 ಮೀಟರ್ ಇತ್ತು. ಲೆಕ್ಕ ಹಾಕಿದರೆ 18.4 ಮೀಟರ್ ಬಂತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮತ್ತೆ ಅಳೆದರೆ ಕೋಲಿನದು 0.62, ಮರದ್ದು 13.3. ಅಂದರೆ ಸುಮಾರು 21.5 ಮೀಟರ್! ನೆಲ ಸಮತಟ್ಟಾಗಿದೆ, ಮರ ಗುಂಡಗೆ ಹರಡಿಕೊಂಡಿದೆ. ಎರಡರಲ್ಲಿ ಯಾವುದು ಸರಿ? ನಾನು ತಪ್ಪಿದ್ದೆಲ್ಲಿ?

ಉತ್ತರ: ಎರಡೂ ಸರಿಯಲ್ಲ, ಆದರೆ ಬೆಳಗಿನದು ಸತ್ಯಕ್ಕೆ ಹತ್ತಿರ. ನೀವು ಕೊಟ್ಟ ಅಂಕಿಗಳ ಪ್ರಕಾರ ಮರ ಸುಮಾರು 17.5 ಮೀಟರ್ ಇರಬೇಕು. ನಿಮ್ಮ ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ. ನೀವು ನೆರಳಿನ ತುದಿ ಎಂದು ಗುರುತು ಹಾಕಿದ್ದು ಮರದ ತುದಿಯ ನೆರಳಲ್ಲ, ತೊಡಕು ಇರುವುದು ಅಲ್ಲಿ. ಗುಂಡಗಿನ ಮರಗಳಲ್ಲಿ ಇದು ಎಲ್ಲರಿಗೂ ಆಗುತ್ತದೆ, ಮತ್ತು ಈ ವಿಧಾನವನ್ನು ಹೇಳಿಕೊಡುವವರಲ್ಲಿ ಹೆಚ್ಚಿನವರು ಈ ಮಾತನ್ನೇ ಎತ್ತುವುದಿಲ್ಲ.

ಸೂರ್ಯ ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ಕೋಲಿನ ಮೇಲೂ ಮರದ ಮೇಲೂ ಒಂದೇ ಓರೆಯಲ್ಲಿ ಬೀಳುತ್ತವೆ. ನೆಟ್ಟಗೆ ನಿಂತ ಕೋಲು, ಅದರ ನೆರಳು, ಕೋಲಿನ ತುದಿಯಿಂದ ನೆರಳಿನ ತುದಿಗೆ ಬರುವ ಕಿರಣ, ಈ ಮೂರು ಸೇರಿ ಒಂದು ಚಿಕ್ಕ ತ್ರಿಭುಜ. ಮರದ್ದು ಅದೇ ಆಕಾರದ ದೊಡ್ಡ ತ್ರಿಭುಜ. ಹಾಗಾಗಿ ಮರದ ನೆರಳನ್ನು ಕೋಲಿನ ನೆರಳಿನಿಂದ ಭಾಗಿಸಿ ಕೋಲಿನ ಎತ್ತರದಿಂದ ಗುಣಿಸಿದರೆ ಮರದ ಎತ್ತರ ಸಿಗುತ್ತದೆ. ಕೋಲು ಸರಿಯಾಗಿ 1 ಮೀಟರ್ ಇದ್ದರೆ ಗುಣಿಸುವ ಕೆಲಸವೂ ಇಲ್ಲ. ಆದರೆ ಈ ಲೆಕ್ಕದ ಹಿಂದೆ ಒಂದು ಷರತ್ತು ಇದೆ: ಮರದ ನೆರಳನ್ನು ಮರದ ಅತಿ ಎತ್ತರದ ಬಿಂದುವಿನ ನೇರ ಕೆಳಗಿನಿಂದ ಶುರು ಮಾಡಿ, ಅದೇ ಬಿಂದುವಿನ ನೆರಳು ಬಿದ್ದಲ್ಲಿಗೆ ಮುಗಿಸಬೇಕು. ಎರಡೂ ಕೊನೆಗಳಲ್ಲಿ ನಿಮ್ಮ ಅಳತೆ ಈ ಷರತ್ತು ಮೀರಿದೆ.

ಮೊದಲು ಸುಲಭದ ಕೊನೆ, ಅಂದರೆ ಬುಡದ ಕಡೆಯದು. "ಬುಡದಿಂದ" ಎಂದರೆ ನೀವು ಟೇಪಿನ ತುದಿಯನ್ನು ಮರದ ತೊಗಟೆಗೆ ಒತ್ತಿ ಹಿಡಿದಿದ್ದೀರಿ ಎಂದುಕೊಂಡಿದ್ದೇನೆ. ಮರದ ನೆತ್ತಿ ಇರುವುದು ಕಾಂಡದ ನಡುವಿನ ಮೇಲೆ, ತೊಗಟೆಯ ಮೇಲಲ್ಲ. ಆದ್ದರಿಂದ ಕಾಂಡದ ಅರ್ಧ ದಪ್ಪವನ್ನು ನೆರಳಿಗೆ ಕೂಡಿಸಬೇಕು. ಬುಡದ ಬಳಿ ಕಾಂಡದ ಸುತ್ತಳತೆ ತೆಗೆದು ಅದನ್ನು 6.28ರಿಂದ ಭಾಗಿಸಿದರೆ ಈ ಅರ್ಧ ದಪ್ಪ ಸಿಗುತ್ತದೆ. ನೀವು ಸುತ್ತಳತೆ ಬರೆದಿಲ್ಲ. ಈ ಗಾತ್ರದ ಮರಕ್ಕೆ 1.9 ಮೀಟರ್ ಎಂದು ಹಿಡಿದಿದ್ದೇನೆ, ಆಗ ಕೂಡಿಸಬೇಕಾದದ್ದು 0.30 ಮೀಟರ್. ನೀವು ನಿಜವಾದ ಸುತ್ತಳತೆ ತೆಗೆದು ಈ ಅಂಕಿ ಬದಲಿಸಿಕೊಳ್ಳಿ. ನೆರಳುಗಳು 26.6 ಮತ್ತು 13.6 ಆಗುತ್ತವೆ, ಎತ್ತರಗಳು 18.6 ಮತ್ತು 21.9. ನೋಡಿ, ಇದನ್ನು ಸರಿಪಡಿಸಿದರೆ ಎರಡರ ಅಂತರ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚೇ ಆಯಿತು. ಅಂದರೆ ದೊಡ್ಡ ತಪ್ಪು ಇನ್ನೊಂದು ಕೊನೆಯಲ್ಲಿದೆ.

(ಪ್ರಾಚೀನ ಗ್ರೀಕ್ ಪಂಡಿತ ಥೇಲ್ಸ್ ಪಿರಮಿಡ್ಡಿನ ಎತ್ತರವನ್ನು ನೆರಳಿನಿಂದ ಅಳೆದನೆಂಬ ಹಳೆಯ ಕಥೆಯಿದೆ. ನಿಜವಾಗಿ ಅಳೆದಿದ್ದರೆ ಅವನಿಗೂ ಇದೇ ಪೇಚು ಎದುರಾಗಿರಬೇಕು. ಗೀಜಾದ ದೊಡ್ಡ ಪಿರಮಿಡ್ಡಿನ ಪಾದ ಒಂದೊಂದು ಬದಿಗೆ ಸುಮಾರು 230 ಮೀಟರ್. ನೆರಳು ಬದಿಗೆ ನೇರವಾಗಿ ಬಿದ್ದ ಹೊತ್ತಿನಲ್ಲೂ ಹೊರಗೆ ಕಾಣುವ ನೆರಳಿಗೆ 115 ಮೀಟರ್ ಕೂಡಿಸದೆ ಲೆಕ್ಕ ನಿಲ್ಲುವುದಿಲ್ಲ. ಮರದಲ್ಲಿ ಅದು 30 ಸೆಂಟಿಮೀಟರ್ ಆದ್ದರಿಂದ ನಮಗೆ ಮರೆತುಹೋಗುತ್ತದೆ, ಅಷ್ಟೇ.)

ಈಗ ನೆರಳಿನ ತುದಿಗೆ ಬರೋಣ. ಮರದ ತಲೆ, ಅಂದರೆ ಕೊಂಬೆ ಎಲೆಗಳ ಇಡೀ ಹರವು, ಒಂದು ಗುಂಡು ಎಂದುಕೊಳ್ಳಿ. ಸೂರ್ಯ ಕೆಳಗಿದ್ದಾಗ ಕಿರಣ ಹೆಚ್ಚುಕಡಿಮೆ ಅಡ್ಡಲಾಗಿ ಬರುತ್ತದೆ. ಆ ಗುಂಡನ್ನು ಸವರಿಕೊಂಡು ಹೋಗುವ ಕಡೆಯ ಕಿರಣ ನೆತ್ತಿಯ ಹತ್ತಿರವೇ ಮುಟ್ಟುತ್ತದೆ, ನೆರಳಿನ ತುದಿ ನೆತ್ತಿಯದೇ ಎನ್ನಬಹುದು. ಸೂರ್ಯ ಮೇಲೇರಿದಂತೆ ಕಿರಣ ಗುಂಡನ್ನು ಮುಟ್ಟುವ ಜಾಗ ನೆತ್ತಿಯಿಂದ ಜಾರಿ, ಸೂರ್ಯನಿಗೆ ಬೆನ್ನು ಮಾಡಿದ ಮಗ್ಗುಲಿಗೆ ಇಳಿಯುತ್ತದೆ. ಆಗ ನೆಲದ ಮೇಲೆ ಎಲ್ಲಕ್ಕಿಂತ ದೂರ ಬೀಳುವುದು ಆ ಮಗ್ಗುಲ ಕೊಂಬೆಗಳ ನೆರಳು. ಅವು ನೆತ್ತಿಗಿಂತ ತಗ್ಗಿನಲ್ಲಿವೆ ನಿಜ, ಆದರೆ ಕಾಂಡದಿಂದ ಹಲವು ಮೀಟರ್ ಆಚೆಗೆ ಚಾಚಿಕೊಂಡಿವೆ. ನೆತ್ತಿಯ ನೆರಳು ಒಳಗೆಲ್ಲೋ, ದೊಡ್ಡ ನೆರಳಿನ ನಡುವೆ ಹುದುಗಿರುತ್ತದೆ, ಅದನ್ನು ಹುಡುಕಲು ಸಾಧ್ಯವಿಲ್ಲ. ನೀವು ಅಂಚಿನವರೆಗೆ ಅಳೆದಿರಿ, ಲೆಕ್ಕ ಅದನ್ನು ನೆತ್ತಿಯದೆಂದು ನಂಬಿ ಮರವನ್ನು ಎತ್ತರಿಸಿತು.

ಎಷ್ಟು ಎತ್ತರಿಸುತ್ತದೆ ಎನ್ನುವುದಕ್ಕೆ ಲೆಕ್ಕವಿದೆ, ಕೋಷ್ಟಕ ಪುಸ್ತಕ ಬೇಡ, ಒಂದು ದಾರ ಸಾಕು. ಕೋಲಿನ ತುದಿಯಿಂದ ಅದರ ನೆರಳಿನ ತುದಿಗೆ ದಾರ ಬಿಗಿಯಾಗಿ ಹಿಡಿದು ಅಳೆಯಿರಿ. ಆ ಉದ್ದವನ್ನು ಕೋಲಿನ ನೆರಳಿನ ಉದ್ದದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಓರೆಯ ಅಂಕಿ ಎಂದು ಕರೆಯೋಣ. ಅದು ಯಾವಾಗಲೂ 1ಕ್ಕಿಂತ ಹೆಚ್ಚು. ಸೂರ್ಯ ಮೇಲಿದ್ದಷ್ಟೂ ಅದು ದೊಡ್ಡದು. ತಲೆ ಗುಂಡಗಿದ್ದರೆ, ನೆರಳಿನ ಲೆಕ್ಕ ಕೊಡುವ ಎತ್ತರ ನಿಜವಾದ ಎತ್ತರಕ್ಕಿಂತ ಇಷ್ಟು ಹೆಚ್ಚಿರುತ್ತದೆ:

ಹೆಚ್ಚುವರಿ = ತಲೆಯ ಅರ್ಧ ಅಗಲ × (ಓರೆಯ ಅಂಕಿ − 1)

ಬೆಳಗ್ಗೆ ನಿಮ್ಮ ದಾರ 1.745 ಮೀಟರ್ ಇರುತ್ತಿತ್ತು. 1.43ರಿಂದ ಭಾಗಿಸಿದರೆ 1.22. ಮಧ್ಯಾಹ್ನದ ಹತ್ತಿರ ದಾರ 1.177, ನೆರಳು 0.62, ಅಂದರೆ ಓರೆಯ ಅಂಕಿ 1.90. ತಲೆಯ ಅರ್ಧ ಅಗಲ 5 ಮೀಟರ್ ಎಂದು ಸುಮ್ಮನೆ ಹಿಡಿದು ನೋಡಿದರೆ ಬೆಳಗಿನ ತಪ್ಪು 1.1 ಮೀಟರ್, ಮಧ್ಯಾಹ್ನದ್ದು 4.5 ಮೀಟರ್. ಮರ ಬದಲಾಗಿಲ್ಲ, ಕೋಲು ಬದಲಾಗಿಲ್ಲ. ಎರಡು ಉತ್ತರಗಳ ನಡುವೆ 3 ಮೀಟರಿಗೂ ಮಿಕ್ಕ ಅಂತರ ಹುಟ್ಟಿದ್ದು ಹೀಗೆ.

ಅಗಲವನ್ನು ಊಹಿಸಬೇಕಿಲ್ಲ ಎನ್ನುವುದು ನಿಮ್ಮ ಅದೃಷ್ಟ. ಎರಡು ಬೇರೆ ಹೊತ್ತಿನ ಅಳತೆ ಇದ್ದರೆ ಅದೂ ಅವುಗಳಿಂದಲೇ ಹೊರಬರುತ್ತದೆ. ಎರಡು ಎತ್ತರಗಳ ವ್ಯತ್ಯಾಸ 21.94 − 18.60 = 3.34. ಓರೆಯ ಅಂಕಿಗಳ ವ್ಯತ್ಯಾಸ 1.90 − 1.22 = 0.68. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ತಲೆಯ ಅರ್ಧ ಅಗಲ 4.9 ಮೀಟರ್. ಈಗ ಬೆಳಗಿನ ಎತ್ತರದಿಂದ 4.9 × 0.22, ಅಂದರೆ 1.1 ಮೀಟರ್ ಕಳೆಯಿರಿ. ಉಳಿದದ್ದು 17.5. ಮಧ್ಯಾಹ್ನದ ಎತ್ತರದಿಂದ 4.9 × 0.90 ಕಳೆದರೂ ಅಲ್ಲಿಗೇ ಬರುತ್ತೀರಿ, ಬರಲೇಬೇಕು, ಏಕೆಂದರೆ ಅಗಲವನ್ನು ತೆಗೆದದ್ದೇ ಹಾಗೆ. ಆದ್ದರಿಂದ ಎರಡೂ ಒಂದೇ ಬಂದವೆಂದು ಲೆಕ್ಕ ಸರಿಯಿದೆ ಎಂದು ತಿಳಿಯಬೇಡಿ. ನಿಜವಾದ ಪರೀಕ್ಷೆ ಬೇರೆ ಇದೆ. ಮರದ ಕೆಳಗೆ ಹೋಗಿ ಮೇಲೆ ನೋಡುತ್ತಾ ಒಂದು ಬದಿಯ ಕೊಂಬೆಯ ಕೊನೆಯಿಂದ ಎದುರು ಬದಿಯ ಕೊನೆಯವರೆಗೆ ನೆಲದ ಮೇಲೆ ಅಳೆಯಿರಿ. 10 ಮೀಟರಿನ ಆಸುಪಾಸು ಬಂದರೆ ನಮ್ಮ 4.9 ನಿಜ. 7 ಬಂದರೆ ಅಥವಾ 14 ಬಂದರೆ ತಲೆ ಗುಂಡಗಿಲ್ಲ, ಇಲ್ಲವೇ ಎರಡರಲ್ಲಿ ಒಂದು ಅಳತೆ ಕೆಟ್ಟಿದೆ.

ಈ ತಿದ್ದುಪಡಿಯಲ್ಲಿ ನನಗೆ ಹಿಡಿಸುವ ಗುಣವೆಂದರೆ ಅದರ ಸಹನೆ. ತಲೆಯ ಅರ್ಧ ಅಗಲದಲ್ಲಿ ಇಡೀ 1 ಮೀಟರ್ ತಪ್ಪಿದರೂ ಬೆಳಗಿನ ಲೆಕ್ಕದಲ್ಲಿ ಮರದ ಎತ್ತರ ತಪ್ಪುವುದು 22 ಸೆಂಟಿಮೀಟರ್ ಮಾತ್ರ. ಮಧ್ಯಾಹ್ನದ ಲೆಕ್ಕದಲ್ಲಾದರೆ ಅದೇ ತಪ್ಪು 90 ಸೆಂಟಿಮೀಟರ್ ಆಗುತ್ತದೆ. ಹಾಗಾಗಿ ತಿದ್ದುವುದಾದರೂ ಸೂರ್ಯ ಕೆಳಗಿದ್ದಾಗಿನ ಅಳತೆಯನ್ನೇ ತಿದ್ದಬೇಕು. ಮಧ್ಯಾಹ್ನದ್ದು ಅಗಲ ಕಂಡುಹಿಡಿಯಲಷ್ಟೇ ಉಪಯೋಗ. ಕೊಂಬೆಗಳ ಹರವನ್ನು ನೆಲದಲ್ಲೇ ಅಳೆಯಲು ಬಂದರೆ ಅದೂ ಬೇಡ, ಒಂದೇ ಹೊತ್ತಿನ ಅಳತೆ ಸಾಕು.

ಎಲ್ಲ ಮರವೂ ಗುಂಡಗಿರುವುದಿಲ್ಲ. ಪೈನ್ ಜಾತಿಯ ಚೂಪು ಮರಗಳಲ್ಲಿ ಈ ತೊಂದರೆಯೇ ಇಲ್ಲ. ಮರದ ಮಗ್ಗುಲಿನ ಓರೆಗಿಂತ ಸೂರ್ಯನ ಓರೆ ಕಡಿಮೆ ಇರುವತನಕ ನೆರಳಿನ ಮೊನೆ ಮರದ ಮೊನೆಯದೇ. ಇದಕ್ಕೆ ತದ್ವಿರುದ್ಧ ಛತ್ರಿಯಂತೆ ಮೇಲೆ ಚಪ್ಪಟೆಯಾಗಿ ಹರಡಿದ ಮರ. ಅಲ್ಲಿ ಅಂಚಿನ ಕೊಂಬೆಯೂ ನೆತ್ತಿಯಷ್ಟೇ ಎತ್ತರದಲ್ಲಿರುತ್ತದೆ, ತಪ್ಪು ಗುಂಡು ಮರಕ್ಕಿಂತ ಎಷ್ಟೋ ಹೆಚ್ಚು. ಆದರೆ ಪರಿಹಾರ ಸುಲಭ: ನೆರಳನ್ನು ಕಾಂಡದಿಂದ ಅಳೆಯದೆ, ನೆರಳು ಬಿದ್ದ ದಿಕ್ಕಿನ ಅಂಚಿನ ಕೊಂಬೆಯ ನೇರ ಕೆಳಗಿನಿಂದ ಅಳೆದರಾಯಿತು. ಯಾವ ಬಗೆಯ ಮರವಾದರೂ ನೆರಳಿನ ಕೊನೆಯ ಆಕಾರ ನೋಡಿದರೆ ಸುಳಿವು ಸಿಗುತ್ತದೆ. ಅದು ಕಿರಿದಾಗಿ ಮೊನೆಯಂತೆ ಮುಗಿದರೆ ನೆತ್ತಿಯದು, ಅಗಲ ಕಮಾನಿನಂತೆ ಮುಗಿದರೆ ಮಗ್ಗುಲಿನದು ಎಂದು ಅನುಮಾನ ಪಡಿ. ನೆರಳಿನ ತುದಿಯಲ್ಲಿ ಕಣ್ಣಿಟ್ಟು ಯಾವ ಕೊಂಬೆ ಅಡ್ಡ ಬರುತ್ತಿದೆ ಎಂದು ನೋಡಲು ಮಾತ್ರ ಹೋಗಬೇಡಿ. ಆ ಕೊಂಬೆಯ ಬೆನ್ನಿಗೇ ಸೂರ್ಯನಿರುತ್ತಾನೆ, ಕಣ್ಣಿಗೆ ಅಪಾಯ.

ಹಾಗಾದರೆ ಅಳೆಯಲು ಒಳ್ಳೆಯ ಹೊತ್ತು ಯಾವುದು? ಗಡಿಯಾರ ನೋಡಬೇಡಿ, ಕೋಲಿನ ನೆರಳು ನೋಡಿ. ಅದು ಕೋಲಿನ ಒಂದೂವರೆಯಿಂದ ಎರಡು ಪಟ್ಟು ಇದ್ದಾಗ ಅಳೆಯಿರಿ. ಎರಡು ಪಟ್ಟು ಇರುವಾಗ ಓರೆಯ ಅಂಕಿ 1.12ಕ್ಕೆ ಇಳಿದಿರುತ್ತದೆ, ನಿಮ್ಮ ಮರದಲ್ಲಿ ಕಳೆಯಬೇಕಾದದ್ದು 60 ಸೆಂಟಿಮೀಟರ್ ಮಾತ್ರ. ಇನ್ನೂ ಇಳಿಬಿಸಿಲಿಗೆ ಕಾದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಆಗ ನೆರಳಿನ ತುದಿ ಬೇರೆ ಮನೆ, ಬೇಲಿಗಳ ಮೇಲೆ ಹೋಗಿ ಬೀಳುತ್ತದೆ, ನೆಲದ ಸಣ್ಣ ಏರಿಳಿತವೂ ದೊಡ್ಡ ತಪ್ಪಾಗುತ್ತದೆ, ನೆರಳಿನ ಅಂಚು ಎಲ್ಲಿದೆ ಎಂದು ಹೇಳುವುದೇ ಕಷ್ಟವಾಗುತ್ತದೆ.

ಅಂಚು ಮಸುಕಾಗುವುದಕ್ಕೆ ಕಾರಣ, ಸೂರ್ಯ ಒಂದು ಚುಕ್ಕಿಯಲ್ಲ, ತಟ್ಟೆ. ಆಕಾಶದಲ್ಲಿ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಆ ತಟ್ಟೆಯ ಒಂದು ಭಾಗ ಮಾತ್ರ ಮರೆಯಾದ ಜಾಗದಲ್ಲಿ ಅರೆನೆರಳು ಬೀಳುತ್ತದೆ. ನಿಮ್ಮ ಬೆಳಗಿನ ಅಳತೆಯ ಹೊತ್ತಿಗೆ 1 ಮೀಟರ್ ಕೋಲಿನ ನೆರಳಿನ ತುದಿಯಲ್ಲಿ ಈ ಅರೆನೆರಳು 3 ಸೆಂಟಿಮೀಟರಿನಷ್ಟು, ಮರದ ನೆರಳಿನ ತುದಿಯಲ್ಲಿ ಅರ್ಧ ಮೀಟರಿನಷ್ಟು ಇರುತ್ತದೆ. ಪೂರ್ತಿ ಕಪ್ಪು ಮುಗಿಯುವಲ್ಲಿಂದ ಪೂರ್ತಿ ಬಿಸಿಲು ಶುರುವಾಗುವವರೆಗಿನ ಈ ಪಟ್ಟಿಯ ನಟ್ಟನಡುವೆ ಗುರುತು ಹಾಕಬೇಕು, ಕೋಲಿಗೂ ಹಾಗೆಯೇ, ಮರಕ್ಕೂ ಹಾಗೆಯೇ. ಎರಡಕ್ಕೂ ಒಂದೇ ಕ್ರಮ ಇಟ್ಟುಕೊಂಡರೆ ತಪ್ಪು ಬಹುಮಟ್ಟಿಗೆ ತಾನೇ ಹೊಡೆದುಹೋಗುತ್ತದೆ. ಕೋಲಿಗೆ ಕಪ್ಪಿನ ಅಂಚು, ಮರಕ್ಕೆ ಬಿಸಿಲಿನ ಅಂಚು ಎಂದು ಬೆರೆಸಿದರೆ ಉಳಿದುಕೊಳ್ಳುತ್ತದೆ. ಹುಲ್ಲು ಮಣ್ಣಿನ ಮೇಲೆ ಈ ಪಟ್ಟಿ ಕಾಣುವುದೇ ಇಲ್ಲ. ನೆರಳಿನ ತುದಿ ಬೀಳುವಲ್ಲಿ ಒಂದು ಬಿಳಿ ಬಟ್ಟೆ ಅಥವಾ ದೊಡ್ಡ ಹಾಳೆ ಹಾಸಿ, ಸ್ಪಷ್ಟವಾಗಿ ಕಾಣುತ್ತದೆ.

ಇದೇ ಕಾರಣಕ್ಕೆ ತೀರಾ ತೆಳುವಾದ ವಸ್ತುವಿಗೆ ಅಷ್ಟು ದೂರದಲ್ಲಿ ಗಾಢ ನೆರಳೇ ಇರುವುದಿಲ್ಲ. ಯಾವುದೇ ವಸ್ತು ತನ್ನ ಅಗಲದ ಸುಮಾರು 107 ಪಟ್ಟು ದೂರ ದಾಟಿದ ಮೇಲೆ ಸೂರ್ಯನನ್ನು ಪೂರ್ತಿ ಮುಚ್ಚಲಾರದು. ಬೆಳಗ್ಗೆ ನಿಮ್ಮ ಮರದ ನೆತ್ತಿಯಿಂದ ನೆರಳಿನ ತುದಿಗೆ ಕಿರಣದ ದಾರಿ ಸುಮಾರು 30 ಮೀಟರ್. ಅಂದರೆ ನೆತ್ತಿಯಲ್ಲಿ 28 ಸೆಂಟಿಮೀಟರಿಗಿಂತ ಕಿರಿದಾದ ಎಳೆ ರೆಂಬೆ, ಒಂಟಿ ಚಿಗುರು ನೆಲದ ಮೇಲೆ ತೆಳು ಛಾಯೆಯಾಗಿ ಕರಗಿಹೋಗುತ್ತದೆ. ಕೊನೆಯ ಒಂಟಿ ರೆಂಬೆ ಅರ್ಧ ಮೀಟರ್ ಚಿಮ್ಮಿಕೊಂಡಿದ್ದರೆ ನೆರಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೂಪು ಮರಗಳಲ್ಲಿ ಉತ್ತರ ಸ್ವಲ್ಪ ಕಡಿಮೆ ಬರುವುದು ಇದರಿಂದಲೇ. ಕೋಲಿಗೂ ಇದೇ ನಿಯಮ. ಪೆನ್ಸಿಲ್ ದಪ್ಪದ ಕಡ್ಡಿ 1 ಮೀಟರ್ ಉದ್ದವಿದ್ದರೆ ಅದರ ತುದಿಯ ನೆರಳು ಮಸುಕಾಗಿ, ಇದ್ದುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. 3 ಸೆಂಟಿಮೀಟರಾದರೂ ದಪ್ಪವಿರುವ, ತುದಿ ಸಮವಾಗಿ ಕೊಯ್ದ ಕೋಲು ಬಳಸಿ.

ಕೋಲಿನ ವಿಷಯಕ್ಕೆ ಬಂದರೆ, ಅದು ಎಷ್ಟು ಚಿಕ್ಕದಾದರೂ ಲೆಕ್ಕ ನಿಲ್ಲುತ್ತದೆ, ಆದರೆ ಅಳತೆಯ ತಪ್ಪು ಬೆಳೆಯುತ್ತದೆ. 30 ಸೆಂಟಿಮೀಟರ್ ಕೋಲಿನ ನೆರಳಿನಲ್ಲಿ ನಿಮ್ಮ ಬೆಳಗಿನ ಹೊತ್ತಿಗೆ 1 ಸೆಂಟಿಮೀಟರ್ ತಪ್ಪಿದರೆ ಮರದಲ್ಲಿ 40 ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ. 1 ಮೀಟರ್ ಕೋಲಿನಲ್ಲಿ ಅದು 13 ಸೆಂಟಿಮೀಟರಿಗೆ ಇಳಿಯುತ್ತದೆ. ಕೋಲಿನ ಎತ್ತರವೆಂದರೆ ನೆಟ್ಟ ಮೇಲೆ ನೆಲದಿಂದ ಮೇಲಿರುವ ಭಾಗ ಎಂಬುದನ್ನು ಮರೆಯಬೇಡಿ. 1 ಮೀಟರಿನ ಕೋಲು 8 ಸೆಂಟಿಮೀಟರ್ ಮಣ್ಣಿಗೆ ಇಳಿದರೆ ಅದು 0.92ರ ಕೋಲು.

ಇನ್ನು ಕೋಲು ನೆಟ್ಟಗಿರಬೇಕು. ಕಣ್ಣಂದಾಜಿಗೆ ನೆಟ್ಟ ಕೋಲು 5 ಡಿಗ್ರಿ ವಾಲಿರುವುದು ಸಾಮಾನ್ಯ. ನೆರಳಿನ ಕಡೆಗೇ ಅಷ್ಟು ವಾಲಿದರೆ ತುದಿ ಸುಮಾರು 9 ಸೆಂಟಿಮೀಟರ್ ಮುಂದೆ ಹೋಗುತ್ತದೆ, ನಿಮ್ಮ 1.43ರ ನೆರಳು 1.51 ಆಗುತ್ತದೆ, 18.6 ಮೀಟರಿನ ಉತ್ತರ 17.6ಕ್ಕೆ ಇಳಿಯುತ್ತದೆ. ಸೂರ್ಯನ ಕಡೆಗೆ ವಾಲಿದರೆ ಮರ 19.9ಕ್ಕೆ ಬೆಳೆಯುತ್ತದೆ. ಎಡಬಲಕ್ಕೆ ವಾಲಿದರೆ ಅಷ್ಟು ತೊಂದರೆಯಿಲ್ಲ. ಇದಕ್ಕೆ ಕೋಲನ್ನು ನೆಟ್ಟಗೆ ಮಾಡಲು ಒದ್ದಾಡುವುದಕ್ಕಿಂತ ಒಂದು ಉಪಾಯ ಮೇಲು. ಕೋಲಿನ ತುದಿಯಿಂದ ಒಂದು ದಾರ ಇಳಿಬಿಟ್ಟು ಅದರ ಕೊನೆಗೆ ಕಲ್ಲು ಕಟ್ಟಿ, ದಾರ ನಿಂತ ಮೇಲೆ ಅದು ನೆಲ ಮುಟ್ಟುವ ಜಾಗದಲ್ಲಿ ಗುರುತು ಮಾಡಿ. ಎತ್ತರವನ್ನು ದಾರದ ಗುಂಟ ಅಳೆಯಿರಿ, ನೆರಳನ್ನು ಆ ಗುರುತಿನಿಂದ ಅಳೆಯಿರಿ. ಆಮೇಲೆ ಕೋಲು ಎಷ್ಟು ಸೊಟ್ಟಗಿದ್ದರೂ ಚಿಂತೆಯಿಲ್ಲ. ವಾಲಿದ ಮರಕ್ಕೂ ತತ್ವ ಇದೇ. ದೂರ ನಿಂತು, ಕಲ್ಲು ಕಟ್ಟಿದ ದಾರವನ್ನು ಕಣ್ಣಿನ ಮುಂದೆ ಇಳಿಬಿಟ್ಟು ಮರದ ನೆತ್ತಿಗೆ ಸರಿಯಾಗಿ ಹೊಂದಿಸಿದರೆ ನೆತ್ತಿಯ ಕೆಳಗಿನ ನೆಲ ಯಾವ ಗೆರೆಯಲ್ಲಿದೆ ಎಂದು ತಿಳಿಯುತ್ತದೆ. ಇನ್ನೊಂದು ಮಗ್ಗುಲಿನಿಂದ ಹಾಗೆಯೇ ನೋಡಿ, ಎರಡು ಗೆರೆ ಕೂಡುವಲ್ಲಿ ಗೂಟ ಹೊಡೆದು ಅಲ್ಲಿಂದ ನೆರಳು ಅಳೆಯಿರಿ. ಹೀಗೆ ಮಾಡಿದಾಗ ಕಾಂಡದ ಅರ್ಧ ದಪ್ಪ ಕೂಡಿಸುವ ಕೆಲಸವಿಲ್ಲ.

ಎರಡು ನೆರಳುಗಳ ನಡುವೆ ಹೊತ್ತು ಕಳೆಯಬಾರದು ಎನ್ನುವುದು ಎಲ್ಲರಿಗೂ ಗೊತ್ತು, ಎಷ್ಟು ಬಿಗಿಯಾಗಿ ಎನ್ನುವುದು ಗೊತ್ತಿರುವುದಿಲ್ಲ. ಸೂರ್ಯ ಹೆಚ್ಚೆಂದರೆ 4 ನಿಮಿಷಕ್ಕೆ 1 ಡಿಗ್ರಿ ಏರುತ್ತಾನೆ ಅಥವಾ ಇಳಿಯುತ್ತಾನೆ. ಆ ವೇಗದಲ್ಲಿ ಏರುತ್ತಿದ್ದರೆ ನಿಮ್ಮ ಕೋಲಿನ 1.43 ಮೀಟರ್ ನೆರಳು 10 ನಿಮಿಷದಲ್ಲಿ 1.30ಕ್ಕೆ ಕುಗ್ಗುತ್ತದೆ. ಮರದ ನೆರಳನ್ನು ಮೊದಲು ಅಳೆದು, ಟೇಪು ಸುತ್ತಿ, 10 ನಿಮಿಷದ ಮೇಲೆ ಕೋಲಿಗೆ ಬಂದರೆ 18.6ರ ಜಾಗದಲ್ಲಿ 20.4 ಬರುತ್ತದೆ. ಒಂದು ನಿಮಿಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು ತಪ್ಪು ಎಂದು ನೆನಪಿಟ್ಟುಕೊಂಡರೆ ಸಾಕು. ಆದ್ದರಿಂದ ಅಳೆಯುವ ಕೆಲಸವನ್ನೂ ಗುರುತಿಸುವ ಕೆಲಸವನ್ನೂ ಬೇರೆ ಮಾಡಿ. ಇಬ್ಬರಿದ್ದರೆ ಒಬ್ಬರು ಮರದ ನೆರಳಿನ ತುದಿಯಲ್ಲಿ, ಒಬ್ಬರು ಕೋಲಿನ ಬಳಿ ಗೂಟ ಹಿಡಿದು ನಿಂತು, ಒಂದೇ ಕೂಗಿಗೆ ಇಬ್ಬರೂ ಗುರುತು ಹಾಕಿ. ಆಮೇಲೆ ನಿಧಾನವಾಗಿ ಟೇಪು ಎಳೆಯಬಹುದು. ಒಬ್ಬರೇ ಇದ್ದರೆ ಕೋಲಿನ ನೆರಳಿಗೆ ಗುರುತು, ನಡೆದು ಹೋಗಿ ಮರದ ನೆರಳಿಗೆ ಗುರುತು, ಅಷ್ಟೇ ವೇಗದಲ್ಲಿ ಮರಳಿ ಬಂದು ಕೋಲಿಗೆ ಎರಡನೆಯ ಗುರುತು. ಕೋಲಿನ ಎರಡು ನೆರಳುಗಳ ಸರಾಸರಿ ತೆಗೆದುಕೊಳ್ಳಿ. ಗಾಳಿಗೆ ನೆತ್ತಿ ತೂಗುತ್ತಿದ್ದರೆ ನೆರಳಿನ ತುದಿ ಹೋಗಿ ಬರುವ ಜಾಗದ ನಡುವೆ ಗುರುತಿಸಿ.

ನಿಮ್ಮ ನೆಲ ಸಮತಟ್ಟು ಎಂದಿದ್ದೀರಿ. ಒಮ್ಮೆ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಕಣ್ಣು ಇಲ್ಲಿ ಬಹಳ ಮೋಸ ಮಾಡುತ್ತದೆ. ಸೂರ್ಯ 45 ಡಿಗ್ರಿಯಲ್ಲಿದ್ದು, ನೆರಳು ಬಿದ್ದ ಕಡೆಗೆ ನೆಲ ಬರೀ 5 ಡಿಗ್ರಿ ಇಳಿದಿದ್ದರೆ ನೆರಳು ನೂರಕ್ಕೆ ಹತ್ತರಷ್ಟು ಉದ್ದವಾಗುತ್ತದೆ. ಆ ಇಳಿಜಾರು ಮರದಿಂದ ನೆರಳಿನ ತುದಿಯವರೆಗೆ ಒಂದೇ ಸಮನಾಗಿದ್ದರೆ ಹೆದರಬೇಕಿಲ್ಲ: ಕೋಲನ್ನೂ ಅದೇ ಇಳಿಜಾರಿನಲ್ಲಿ, ಮರದ ನೆರಳಿನ ಪಕ್ಕದಲ್ಲೇ ನೆಟ್ಟು, ಎರಡನ್ನೂ ನೆಲದ ಗುಂಟ ಅಳೆಯಿರಿ. ಎರಡು ತ್ರಿಭುಜಗಳೂ ಒಂದೇ ರೀತಿ ಓರೆಯಾಗಿರುವುದರಿಂದ ಭಾಗಲಬ್ಧ ಸರಿಯಾಗೇ ಬರುತ್ತದೆ. ಕೋಲನ್ನು ಸಿಮೆಂಟಿನ ಸಮ ಜಾಗದಲ್ಲಿ ನೆಟ್ಟು ಮರದ ನೆರಳನ್ನು ಇಳಿಜಾರಿನಲ್ಲಿ ಅಳೆದಾಗ ಮಾತ್ರ ಎಡವುತ್ತೇವೆ. ನೆಲ ಒಮ್ಮೆ ಇಳಿದು ಒಮ್ಮೆ ಏರಿದ್ದರೆ, ಕೋಲನ್ನು ಸಮನೆಲದಲ್ಲೇ ನೆಟ್ಟು ಮರದ ನೆರಳಿನ ದೂರವನ್ನು ಟೇಪು ಅಡ್ಡಲಾಗಿ ಹಿಡಿದು ತೆಗೆಯಿರಿ. ಬಂದ ಎತ್ತರದಿಂದ, ನೆರಳಿನ ತುದಿ ಬುಡಕ್ಕಿಂತ ಎಷ್ಟು ತಗ್ಗಿನಲ್ಲಿದೆಯೋ ಅಷ್ಟನ್ನು ಕಳೆಯಿರಿ, ಏರಿನಲ್ಲಿದ್ದರೆ ಕೂಡಿಸಿ. ತಗ್ಗು ಎಷ್ಟೆಂದು ತಿಳಿಯಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಅದರ ಎರಡು ಕೊನೆಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆರಳಿನ ತುದಿ ಗೋಡೆಯ ಮೇಲೆ ಬಿದ್ದರೂ ಇದೇ ಲೆಕ್ಕ: ಗೋಡೆಯ ಬುಡದವರೆಗಿನ ನೆರಳಿಗೆ ಎತ್ತರ ಕಟ್ಟಿ, ಗೋಡೆ ಹತ್ತಿದ ನೆರಳಿನ ಎತ್ತರವನ್ನು ಹಾಗೆಯೇ ಕೂಡಿಸಿ.

ಇಳಿಜಾರಿನ ತಪ್ಪನ್ನೂ ಗುಂಡುತಲೆಯ ತಪ್ಪನ್ನೂ ಬೇರ್ಪಡಿಸುವ ಗುರುತೊಂದಿದೆ. ಗುಂಡುತಲೆಯ ತಪ್ಪು ಸೂರ್ಯ ಏರಿದಂತೆ ಎತ್ತರವನ್ನು ಹೆಚ್ಚಿಸುತ್ತದೆ, ನಿಮಗೆ ಆದದ್ದು ಅದೇ. ನೆಲ ನೆರಳು ಬಿದ್ದ ಕಡೆಗೆ ಇಳಿದಿದ್ದು ಅದನ್ನು ಗಮನಿಸದೆ ಬಿಟ್ಟರೆ, ಆ ಇಳಿಜಾರು ಸೂರ್ಯ ಕೆಳಗಿದ್ದಾಗ ಹೆಚ್ಚು ತೋರಿಸಿ, ಏರಿದಂತೆ ಕಡಿಮೆ ಮಾಡುತ್ತದೆ. ಎರಡು ಹೊತ್ತಿನಲ್ಲೂ ಒಂದೇ ಉತ್ತರ ಬಂದರೆ ನೀವು ನೆತ್ತಿಯದೇ ನೆರಳನ್ನು ಅಳೆಯುತ್ತಿದ್ದೀರಿ ಎಂದು ಧೈರ್ಯವಾಗಿ ಹೇಳಬಹುದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಟೇಪು ಮತ್ತು ಕೋಲಿನಿಂದ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಗಿಂತ ನಿಖರತೆ ಬಯಸಬೇಡಿ. ನಿಮ್ಮ ಮರವನ್ನು "17.5 ಮೀಟರ್, 1 ಮೀಟರ್ ಆಚೀಚೆ" ಎಂದು ಬರೆದಿಟ್ಟುಕೊಳ್ಳಿ. 17.52 ಎಂದು ಬರೆದರೆ ಕೊನೆಯ ಆ ಎರಡು ಸೆಂಟಿಮೀಟರಿಗೆ ಅರ್ಥವಿಲ್ಲ. ಮರ ಕಡಿಸುವ, ಅದು ಬಿದ್ದರೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವ ಉದ್ದೇಶವಿದ್ದರೆ ಈ ಅಂಕಿಯನ್ನಷ್ಟೇ ನಂಬಿ ಕೂರಬೇಡಿ. ನೆತ್ತಿಯ ತೆಳು ರೆಂಬೆಗಳು ನೆರಳಿನಲ್ಲಿ ಕಾಣದೆ ಉಳಿದಿರುತ್ತವೆ, ಕನಿಷ್ಠ 20 ಮೀಟರ್ ಜಾಗ ಬಿಡಿ.

ಇನ್ನೊಂದು ಬಿಸಿಲಿನ ದಿನ ನನ್ನ ಲೆಕ್ಕವನ್ನೇ ಪರೀಕ್ಷೆಗೆ ಹಚ್ಚಬಹುದು. ಕೋಲಿನ ನೆರಳು 1.73 ಮೀಟರ್ ಆಗುವ ಹೊತ್ತಿಗೆ ಕಾದು ಮರದ ನೆರಳಿಗೆ ಗುರುತು ಹಾಕಿ. ಆಗ ಓರೆಯ ಅಂಕಿ 1.155. ಮರ 17.5 ಮೀಟರ್, ತಲೆಯ ಅರ್ಧ ಅಗಲ 4.9 ಆಗಿದ್ದರೆ ತಿದ್ದುವ ಮುಂಚಿನ ಎತ್ತರ ಸುಮಾರು 18.3 ಬರಬೇಕು, ಅಂದರೆ ತೊಗಟೆಯಿಂದ ಅಳೆದ ನೆರಳು 31.3 ಮೀಟರಿನ ಹತ್ತಿರ ಇರಬೇಕು. ಅರ್ಧ ಮೀಟರ್ ಆಚೀಚೆ ಬಂದರೆ ಸರಿಹೋಯಿತು. ಒಂದೂವರೆ, ಎರಡು ಮೀಟರ್ ವ್ಯತ್ಯಾಸ ಬಂದರೆ ನಿಮ್ಮ ಮರದ ತಲೆ ನಾನು ಎಣಿಸಿದಷ್ಟು ಗುಂಡಗಿಲ್ಲ. ಆಗ ಗುಂಡಿನ ತಿದ್ದುಪಡಿಯನ್ನು ಬಿಟ್ಟು, ಕೋಲಿನ ನೆರಳು ಎರಡು ಪಟ್ಟು ಇರುವಾಗ ಸಿಕ್ಕ ಎತ್ತರವನ್ನೇ ಇಟ್ಟುಕೊಳ್ಳಿ. ಅದು ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿಡಿ.